ಒಂದೇ ಊರು, ಒಂದೇ ಭೂಕಂಪ: ಕೆರೆಯಂಗಳ ಬಂಡೆಗಿಂತ ಹೆಚ್ಚು ನಡುಗುವುದೇಕೆ?

2021ರ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಮಂಡಿಕಲ್ಲು, ಭೋಗಪರ್ತಿ ಸುತ್ತಮುತ್ತ ಭೂಮಿ ಎರಡು ಸಲ ನಡುಗಿತು. ತೀವ್ರತೆ ಎರಡು ಸಲವೂ 3ರ ಆಸುಪಾಸು. ದೊಡ್ಡ ಹಾನಿಯೇನೂ ಆಗಲಿಲ್ಲ, ಆದರೆ ಜನ ಮನೆ ಬಿಟ್ಟು ಹೊರಗೆ ಬಂದರು. ಆಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ನಮ್ಮದು ಗಟ್ಟಿ ಬಂಡೆಯ ಸೀಮೆ ಅಲ್ಲವೇ, ಇಲ್ಲಿಗೂ ಭೂಕಂಪ ಬರುತ್ತದೆಯೇ?

ಸೀಮೆ ಗಟ್ಟಿ ಬಂಡೆಯದೇ, ನಿಜ. ಆದರೆ ಮನೆಗಳೆಲ್ಲ ಬಂಡೆಯ ಮೇಲಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕೆರೆಗಳ ಜಿಲ್ಲೆಗಳು. ಊರು ಬೆಳೆದಂತೆ ಕೆರೆಯಂಚು, ಹಳೆಯ ಅಚ್ಚುಕಟ್ಟು, ಹೂಳು ತುಂಬಿದ ಸಣ್ಣ ಕಟ್ಟೆಗಳೆಲ್ಲ ಲೇಔಟ್ ಆಗುತ್ತಿವೆ. ಸರ್ಕಾರಿ ಭೂಕಂಪ ವಲಯ ನಕ್ಷೆಯಲ್ಲಿ ನಂದಿಬೆಟ್ಟದ ಬಂಡೆಗೂ ಅದರ ಕೆಳಗಿನ ಕೆರೆಯಂಗಳಕ್ಕೂ ಬಳಿದಿರುವುದು ಒಂದೇ ಬಣ್ಣ. ಭೂಮಿ ನಡುಗಿದಾಗ ಈ ಎರಡೂ ಜಾಗ ಒಂದೇ ರೀತಿ ನಡುಗುವುದಿಲ್ಲ. ಯಾಕೆ ಎಂಬುದನ್ನು ಬುಡದಿಂದಲೇ ನೋಡೋಣ.

## ಕಾಲಡಿ ಏನಿದೆ

ನಮ್ಮ ಭಾಗದ ತಳಬಂಡೆ ಬಹುತೇಕ ನೈಸ್ ಮತ್ತು ಗ್ರಾನೈಟ್. ಇನ್ನೂರೈವತ್ತು ಕೋಟಿ ವರ್ಷ ದಾಟಿದ ಕಲ್ಲು. ಅದರ ಮೇಲ್ಭಾಗ ಬಿಸಿಲು ಮಳೆಗೆ ಕೊಳೆತು ಶಿಥಿಲವಾಗಿದೆ. ಅದಕ್ಕೂ ಮೇಲೆ ಗರಸು, ಗರಸಿನ ಮೇಲೆ ಕೆಮ್ಮಣ್ಣು. ತಗ್ಗಿನಲ್ಲಾದರೆ ಕೆಮ್ಮಣ್ಣಿನ ಜಾಗದಲ್ಲಿ ಮಳೆನೀರು ತಂದು ಗುಡ್ಡೆ ಹಾಕಿದ ಗೋಡು ಮಣ್ಣು ಇರುತ್ತದೆ.

ಈ ಪದರಗಳ ಅಂದಾಜು ಸಿಗಲು ಯಂತ್ರವೇ ಬೇಕೆಂದಿಲ್ಲ, ಪಕ್ಕದ ಬೋರ್‌ವೆಲ್ ಸಾಕು. ಬೋರ್ ಕೊರೆಯುವವರು ಮಣ್ಣು ಕುಸಿಯದಂತೆ ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ. 20 ಅಡಿ ಕೇಸಿಂಗ್ ಬಿದ್ದ ಜಾಗದಲ್ಲಿ ಬಂಡೆ ಹತ್ತಿರದಲ್ಲಿದೆ, 80 ಅಡಿ ಬಿದ್ದಲ್ಲಿ ಅದು ಆಳದಲ್ಲಿದೆ. ಆದರೆ ಕೇಸಿಂಗ್ ಉದ್ದವೆಲ್ಲ ಮೆದು ಮಣ್ಣು ಎಂದು ಲೆಕ್ಕ ಹಾಕಬಾರದು. ಶಿಥಿಲ ಕಲ್ಲೂ ಅದರಲ್ಲಿ ಸೇರಿರುತ್ತದೆ. ಕೊರೆಯುವಾಗ ಹೊರಗೆ ಬೀಳುವ ಪುಡಿಯ ಬಣ್ಣ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೊದಲು ಬೂದು ಅಥವಾ ಕಪ್ಪು ಜಿಗುಟು, ಆಮೇಲೆ ಕೆಂಪು ಅಥವಾ ಹಳದಿ ಗರಸು, ಕೊನೆಗೆ ಬಿಳಿ ಹಿಟ್ಟು. ನಮಗೆ ಇಲ್ಲಿ ಮುಖ್ಯವಾದದ್ದು ಆ ಮೊದಲನೆಯ ಜಿಗುಟು ಪದರ ಎಷ್ಟು ದಪ್ಪ ಇದೆ ಎಂಬುದು.

## ಅಲೆ ನಿಧಾನವಾದರೆ ಅಲುಗಾಟ ಹೆಚ್ಚು

ಭೂಕಂಪದಲ್ಲಿ ಕಟ್ಟಡಕ್ಕೆ ಹೆಚ್ಚು ಪೆಟ್ಟು ಕೊಡುವುದು ನೆಲವನ್ನು ಅಕ್ಕಪಕ್ಕಕ್ಕೆ ಅಲ್ಲಾಡಿಸುವ ಅಲೆ. ಇದನ್ನು ಅಡ್ಡ ಅಲೆ ಎನ್ನೋಣ. ಗಟ್ಟಿ ನೈಸ್ ಕಲ್ಲಿನಲ್ಲಿ ಇದು ಸೆಕೆಂಡಿಗೆ ಸುಮಾರು 2,500 ಮೀಟರ್ ವೇಗದಲ್ಲಿ ಓಡುತ್ತದೆ. ಶಿಥಿಲ ಕಲ್ಲಿಗೆ ಬಂದಾಗ 700ರ ಆಸುಪಾಸಿಗೆ ಇಳಿಯುತ್ತದೆ. ಒದ್ದೆ ಹೂಳಿನಲ್ಲಿ 120–150 ಮೀಟರ್ ಅಷ್ಟೇ.

ವೇಗ ಇಳಿದರೆ ಅಲೆ ದುರ್ಬಲವಾಗಬೇಕಲ್ಲವೇ ಎನಿಸಬಹುದು. ಆಗುವುದು ಅದಕ್ಕೆ ತಿರುಗಾಮುರುಗಾ. ಹೆದ್ದಾರಿಯಲ್ಲಿ ಅಂತರ ಬಿಟ್ಟು ಓಡುತ್ತಿದ್ದ ವಾಹನಗಳು ಟೋಲ್ ಗೇಟ್ ಹತ್ತಿರ ನಿಧಾನವಾದಾಗ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ನಿಮಿಷಕ್ಕೆ ದಾಟುವ ವಾಹನಗಳ ಸಂಖ್ಯೆ ಅಷ್ಟೇ ಇದ್ದರೂ ರಸ್ತೆಯ ಒಂದೊಂದು ಮೀಟರಿನಲ್ಲಿ ನಿಂತ ವಾಹನಗಳು ಹೆಚ್ಚು. ಅಲೆಯ ಶಕ್ತಿಯೂ ಹಾಗೆಯೇ. ಕೆಳಗಿನಿಂದ ಬರುವ ಶಕ್ತಿ ನಿಲ್ಲುವುದಿಲ್ಲ, ಮುಂದೆ ಸಾಗುವ ವೇಗ ಮಾತ್ರ ಕುಸಿದಿದೆ. ಹೀಗಾಗಿ ಮೆದು ಪದರದ ಒಂದೊಂದು ಮೀಟರಿನಲ್ಲೂ ಶಕ್ತಿ ಕಿಕ್ಕಿರಿಯುತ್ತದೆ. ಅದನ್ನು ಹೊರಲು ಮಣ್ಣಿಗೆ ಇರುವ ದಾರಿ ಒಂದೇ, ಹೆಚ್ಚು ದೂರ ಅಲುಗುವುದು. ಮೆದು ಮಣ್ಣಿನ ಸಾಂದ್ರತೆಯೂ ಕಲ್ಲಿಗಿಂತ ಕಡಿಮೆ, ಆದ್ದರಿಂದ ಅಲುಗಾಟ ಇನ್ನಷ್ಟು ಹಿಗ್ಗುತ್ತದೆ.

ಗಡಿ ಎಷ್ಟು ಚೂಪಾಗಿದೆ ಎಂಬುದೂ ಮುಖ್ಯ. ಇಳಿಜಾರಿನ ಕೆಮ್ಮಣ್ಣಿನ ಹೊಲದಲ್ಲಿ ಮಣ್ಣು, ಗರಸು, ಶಿಥಿಲ ಕಲ್ಲು, ಗಟ್ಟಿ ಕಲ್ಲು ಎಂದು ಗಡಸುತನ ಮೆಲ್ಲಮೆಲ್ಲನೆ ಏರುತ್ತದೆ. ಅಲ್ಲಿ ಅಲೆಯನ್ನು ತಡೆದು ಹಿಂದಕ್ಕೆ ಕಳಿಸುವ ಗೋಡೆಯಂಥ ಗಡಿ ಇಲ್ಲ. ಕೆರೆಯಂಗಳದಲ್ಲಿ ಹಾಗಲ್ಲ. ಗೋಡು ಮಣ್ಣು ಮುಗಿದ ಕೂಡಲೇ ಗರಸು ಅಥವಾ ಕಲ್ಲು. ಈ ದಿಢೀರ್ ಗಡಿಯೇ ಮುಂದಿನ ತೊಂದರೆಗೆ ಕಾರಣ.

## ಪದರದ ದಪ್ಪವೇ ಲಯ ಗೊತ್ತುಮಾಡುತ್ತದೆ

ಕೆಳಗಿನಿಂದ ಮೆದು ಪದರಕ್ಕೆ ನುಗ್ಗಿದ ಅಲೆ ಮೇಲ್ಮೈ ಮುಟ್ಟಿ ಅಲ್ಲಿಂದ ಕೆಳಕ್ಕೆ ತಿರುಗುತ್ತದೆ. ತಳದ ಗಟ್ಟಿ ಗಡಿಗೆ ತಾಗಿದಾಗ ಅದರ ದಿಕ್ಕು ಮಗುಚಿಕೊಳ್ಳುತ್ತದೆ, ಎಂದರೆ ಎಡಕ್ಕೆ ತಳ್ಳುತ್ತಿದ್ದದ್ದು ಬಲಕ್ಕೆ ತಳ್ಳತೊಡಗುತ್ತದೆ. ಮತ್ತೆ ಮೇಲೆ ಹೋಗಿ, ಕೆಳಗೆ ಬಂದು, ಇನ್ನೊಮ್ಮೆ ಮಗುಚಿದಾಗ ಮೊದಲಿನ ದಿಕ್ಕಿಗೇ ಮರಳುತ್ತದೆ. ಅಷ್ಟರಲ್ಲಿ ಅಲೆ ಪದರದ ದಪ್ಪವನ್ನು ನಾಲ್ಕು ಸಲ ದಾಟಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕೆಳಗಿನಿಂದ ಹೊಸ ತಳ್ಳು ಬಂದರೆ ಹಳೆಯದಕ್ಕೆ ಹೊಸದು ಕೂಡಿಕೊಳ್ಳುತ್ತದೆ. ಹೀಗೆ ಸುತ್ತು ಸುತ್ತಿಗೂ ಅಲುಗಾಟ ಬೆಳೆಯುವುದಕ್ಕೆ ಅನುರಣನ ಎನ್ನುತ್ತಾರೆ.

ಆ ನಾಲ್ಕು ದಾಟುಗಳಿಗೆ ತಗಲುವ ಸಮಯ ಪದರದ ಆವರ್ತಕಾಲ. ಸೂತ್ರ ಇಷ್ಟೇ:

T = 4H / V

H ಪದರದ ದಪ್ಪ, V ಅದರಲ್ಲಿ ಅಡ್ಡ ಅಲೆಯ ವೇಗ.

ಈ ಸೂತ್ರ ಜಗತ್ತಿಗೆ ಕಣ್ಣಾರೆ ಕಂಡದ್ದು 1985ರ ಸೆಪ್ಟೆಂಬರ್ 19ರಂದು, ಮೆಕ್ಸಿಕೋ ನಗರದಲ್ಲಿ. ಭೂಕಂಪದ ತೀವ್ರತೆ 8, ಕೇಂದ್ರ ಇದ್ದದ್ದು 350 ಕಿಲೋಮೀಟರ್‌ಗೂ ದೂರದ ಪೆಸಿಫಿಕ್ ಕರಾವಳಿಯಲ್ಲಿ. ನಗರದ ಒಂದು ಭಾಗ ಗಟ್ಟಿ ನೆಲದ ಮೇಲಿದೆ, ಇನ್ನೊಂದು ಭಾಗ ಹಳೆಯ ಸರೋವರದ ಜೇಡಿಯ ಮೇಲೆ. ಗಟ್ಟಿ ನೆಲದ ಮಾಪಕ ದಾಖಲಿಸಿದ ಗರಿಷ್ಠ ವೇಗೋತ್ಕರ್ಷ ಗುರುತ್ವದ ಶೇಕಡಾ 3–4. ಕೆಲವೇ ಕಿಲೋಮೀಟರ್ ಆಚೆ ಸರೋವರದ ಅಂಗಳದ ಮಾಪಕದಲ್ಲಿ ಅದು ಶೇಕಡಾ 17ರ ಹತ್ತಿರ. ಅಲ್ಲಿ ಜೇಡಿ ಸುಮಾರು 38 ಮೀಟರ್ ದಪ್ಪ, ಅಲೆಯ ವೇಗ ಸುಮಾರು 75 ಮೀಟರ್. ಸೂತ್ರಕ್ಕೆ ಹಾಕಿದರೆ ಆವರ್ತಕಾಲ 2 ಸೆಕೆಂಡ್. ಹೆಚ್ಚು ಏಟು ತಿಂದದ್ದು 6ರಿಂದ 15 ಅಂತಸ್ತಿನ ಕಟ್ಟಡಗಳು, ಯಾಕೆಂದರೆ ಅವುಗಳ ಸಹಜ ತೂಗಾಟ ಈ ಲಯಕ್ಕೆ ಹತ್ತಿರವಿತ್ತು. ಬಿರುಕು ಬಿಟ್ಟು ಬಿಗಿ ಕಳೆದುಕೊಂಡಂತೆಲ್ಲ ಅವು ಇನ್ನೂ ನಿಧಾನವಾಗಿ ತೂಗುತ್ತ ಆ 2 ಸೆಕೆಂಡಿನ ಲಯಕ್ಕೆ ಇನ್ನಷ್ಟು ಸಮೀಪ ಬಂದವು. ಅದೇ ಬೀದಿಯ ಕುಳ್ಳ ಮನೆಗಳು ಎಷ್ಟೋ ಕಡೆ ನಿಂತೇ ಇದ್ದವು.

ಈ ಕಥೆ ಓದಿದವರು ಸಾಮಾನ್ಯವಾಗಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ: ಮೆದು ನೆಲದಲ್ಲಿ ಅಪಾಯ ಎತ್ತರದ ಕಟ್ಟಡಕ್ಕೆ, ಸಣ್ಣ ಮನೆಗೆ ಚಿಂತೆಯಿಲ್ಲ. ಮೆಕ್ಸಿಕೋಗೆ ಅದು ಸರಿ, ನಮ್ಮ ಕೆರೆಗಳಿಗೆ ಸರಿಯಲ್ಲ. ನಮ್ಮಲ್ಲಿ ಗೋಡು ಮಣ್ಣು ಹತ್ತಾರು ಮೀಟರ್ ಇರುವುದಿಲ್ಲ, ಕೆಲವೇ ಮೀಟರ್ ಇರುತ್ತದೆ. 6 ಮೀಟರ್ ದಪ್ಪ, 120 ಮೀಟರ್ ವೇಗ ಎಂದು ಹಿಡಿಯಿರಿ. 24 ಅನ್ನು 120ರಿಂದ ಭಾಗಿಸಿದರೆ 0.2 ಸೆಕೆಂಡ್. ಕಟ್ಟಡದ ಸಹಜ ಆವರ್ತಕಾಲಕ್ಕೆ ಎಂಜಿನಿಯರ್‌ಗಳ ಬಾಯಿಲೆಕ್ಕ ಅಂತಸ್ತಿಗೆ 0.1 ಸೆಕೆಂಡ್. ಅಂದರೆ 0.2 ಎನ್ನುವುದು ಎರಡು ಅಂತಸ್ತಿನ ಮನೆಯ ಲಯ. ನಮ್ಮ ಲೇಔಟ್‌ಗಳಲ್ಲಿ ಏಳುವುದು ಬಹುಪಾಲು ಇಂಥ ಮನೆಗಳೇ.

ಇಂಥ ಪದರ ಶಿಥಿಲ ಕಲ್ಲಿನ ಮೇಲೆ ಕೂತಿದ್ದರೆ, ಮಣ್ಣು ತನ್ನೊಳಗೇ ಹೀರಿಕೊಳ್ಳುವ ಶಕ್ತಿಯನ್ನು ಕಳೆದ ಮೇಲೂ, ಆ 0.2 ಸೆಕೆಂಡಿನ ಲಯದಲ್ಲಿ ಮೇಲ್ಮೈಯ ಅಲುಗಾಟ ಪಕ್ಕದ ಶಿಥಿಲ ಕಲ್ಲಿನ ನೆಲಕ್ಕಿಂತ ನಾಲ್ಕು ಪಟ್ಟಿನ ಆಸುಪಾಸು ಬರುತ್ತದೆ. ಬೇರೆ ಲಯಗಳಲ್ಲಿ ಇಷ್ಟಿಲ್ಲ. ಒಂದು ಸೆಕೆಂಡಿನ ನಿಧಾನದ ಅಲೆಗೆ ಈ ತೆಳು ಪದರ ಇದ್ದೂ ಇಲ್ಲದಂತೆ.

ಬರುವ ಭೂಕಂಪದ ಸ್ವಭಾವವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ದೂರದ ದೊಡ್ಡ ಭೂಕಂಪದಿಂದ ನಮ್ಮವರೆಗೆ ಉಳಿದು ಬರುವುದು ಹೆಚ್ಚಾಗಿ ನಿಧಾನದ ಅಲೆಗಳು. ಅವುಗಳ ಅರಿವು ಆಗುವುದು ಎತ್ತರದ ಅಪಾರ್ಟ್‌ಮೆಂಟಿನವರಿಗೆ. ಹತ್ತಿರದ ಸಣ್ಣ ಭೂಕಂಪದಲ್ಲಿ ವೇಗದ, ಚಿಕ್ಕ ಲಯದ ಅಲೆಗಳೇ ಜಾಸ್ತಿ. ನಮ್ಮ ತೆಳು ಪದರಗಳು ಹಿಗ್ಗಿಸುವುದೂ ಇವನ್ನೇ. ಜೊತೆಗೆ, ಅಲುಗಾಟ ಸಣ್ಣದಿದ್ದಾಗ ಮೆದು ಮಣ್ಣು ಅದನ್ನು ಪೂರ್ತಿಯಾಗಿ ಹಿಗ್ಗಿಸುತ್ತದೆ. ತೀರಾ ಜೋರಾದರೆ ಮಣ್ಣಿನ ಕಣಗಳು ಜಾರಿ ಶಕ್ತಿಯನ್ನು ತಿಂದುಹಾಕುತ್ತವೆ, ಹಿಗ್ಗುವ ಪಟ್ಟು ಕಡಿಮೆಯಾಗುತ್ತದೆ, ಆದರೆ ಆಗ ನೆಲವೇ ಕುಸಿಯುವ ಬೇರೆ ತೊಂದರೆ ಎದುರಾಗುತ್ತದೆ.

## ವಲಯ ನಕ್ಷೆ ಹೇಳುವುದೇನು

ಭೂಕಂಪ ತಾಳುವಂತೆ ಕಟ್ಟಡ ವಿನ್ಯಾಸ ಮಾಡುವ ನಿಯಮಗಳು ಭಾರತೀಯ ಮಾನಕ ಬ್ಯೂರೋದ ಐಎಸ್ 1893 ಸಂಕೇತದಲ್ಲಿವೆ. ಅದರ 2016ರ ಆವೃತ್ತಿಯಲ್ಲಿ ದೇಶವನ್ನು 2ರಿಂದ 5ರವರೆಗೆ ನಾಲ್ಕು ವಲಯಗಳಾಗಿ ಹಂಚಲಾಗಿದೆ. ನಮ್ಮ ಮೂರೂ ಜಿಲ್ಲೆಗಳು ಎಲ್ಲಕ್ಕಿಂತ ಕಡಿಮೆಯ ವಲಯ 2ರಲ್ಲಿವೆ. ವಲಯ 1 ಎಂಬುದು ಮೊದಲು ಇತ್ತು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾದಾಗ ಆ ಊರು ಇದ್ದದ್ದು ಅದೇ ವಲಯ 1ರಲ್ಲಿ. 2002ರ ಆವೃತ್ತಿಯಲ್ಲಿ ವಲಯ 1ನ್ನು ತೆಗೆದು 2ಕ್ಕೆ ಸೇರಿಸಿದರು.

ವಲಯದ ಜೊತೆಗೆ ಒಂದು ಅಂಕಿ ಬರುತ್ತದೆ. ವಲಯ 2ಕ್ಕೆ 0.10, ವಲಯ 5ಕ್ಕೆ 0.36. ನಕ್ಷೆಯ ಕೆಲಸ ಇಲ್ಲಿಗೆ ಮುಗಿಯಿತು. ಒಂದು ಪ್ರದೇಶಕ್ಕೆ ಎಷ್ಟು ದೊಡ್ಡ ಅಲುಗಾಟ ಬರಬಹುದು ಎಂದು ಅದು ಹೇಳುತ್ತದೆಯೇ ಹೊರತು ನಿಮ್ಮ ಸೈಟಿನ ಕೆಳಗೆ ಹೂಳಿದೆಯೋ ಬಂಡೆಯಿದೆಯೋ ಎಂಬುದನ್ನು ಅಲ್ಲ.

ಮಣ್ಣಿನ ಲೆಕ್ಕ ಬರುವುದು ಎರಡನೆಯ ಹೆಜ್ಜೆಯಲ್ಲಿ. ಸಂಕೇತ ನೆಲವನ್ನು ಗಟ್ಟಿ, ಮಧ್ಯಮ, ಮೆದು ಎಂದು ಮೂರು ಮಾಡಿ, ಒಂದೊಂದಕ್ಕೂ ಒಂದು ಗ್ರಾಫ್ ಕೊಡುತ್ತದೆ. ಕಟ್ಟಡದ ಆವರ್ತಕಾಲ ಇಷ್ಟಿದ್ದರೆ ಗುಣಕ ಇಷ್ಟು ಎಂದು ಅದರಲ್ಲಿ ಓದಿಕೊಳ್ಳಬೇಕು.

30 ಮೀಟರ್ ಎತ್ತರದ ಕಾಂಕ್ರೀಟ್ ಚೌಕಟ್ಟಿನ ಕಟ್ಟಡ ತೆಗೆದುಕೊಳ್ಳೋಣ. ಸಂಕೇತದ ಸೂತ್ರದಂತೆ ಅದರ ಆವರ್ತಕಾಲ 0.96 ಸೆಕೆಂಡ್. ಗಟ್ಟಿ ನೆಲದಲ್ಲಿ ಗುಣಕ 1.04, ಮೆದು ನೆಲದಲ್ಲಿ 1.74. ಸಾಮಾನ್ಯ ಚೌಕಟ್ಟಾದರೆ ವಿನ್ಯಾಸಕ್ಕೆ ಹಿಡಿಯಬೇಕಾದ ಅಡ್ಡಬಲ ಗಟ್ಟಿ ನೆಲದಲ್ಲಿ ಕಟ್ಟಡದ ತೂಕದ ಶೇಕಡಾ 1.7, ಮೆದು ನೆಲದಲ್ಲಿ ಶೇಕಡಾ 2.9. ವಲಯ ಬದಲಾಗದೆ ಬಲ ಮಾತ್ರ ಒಂದೂಮುಕ್ಕಾಲು ಪಟ್ಟಿನ ಹತ್ತಿರಕ್ಕೆ ಹೋಯಿತು. ವಲಯ 2ರಿಂದ 3ಕ್ಕೆ ಹೋದರೆ ಅಂಕಿ 0.10ರಿಂದ 0.16ಕ್ಕೆ, ಎಂದರೆ 1.6 ಪಟ್ಟು ಏರುತ್ತದೆ. ಈ ಎತ್ತರದ ಕಟ್ಟಡಕ್ಕೆ ಮಣ್ಣು ಬದಲಾಗುವುದು ಒಂದು ವಲಯ ಮೇಲಕ್ಕೆ ಹೋದಂತೆಯೇ.

ಈಗ ನಮ್ಮ ಎರಡಂತಸ್ತಿನ ಮನೆಗೆ ಬನ್ನಿ, ಆವರ್ತಕಾಲ 0.2. ಗ್ರಾಫಿನಲ್ಲಿ ಗಟ್ಟಿ ನೆಲಕ್ಕೆ 2.5, ಮಧ್ಯಮಕ್ಕೆ 2.5, ಮೆದು ನೆಲಕ್ಕೂ 2.5. ವ್ಯತ್ಯಾಸವೇ ಇಲ್ಲ. 0.4 ಸೆಕೆಂಡ್ ತನಕ ಮೂರೂ ಗೆರೆಗಳು ಒಂದರ ಮೇಲೊಂದು ಕೂತಿವೆ. ದಪ್ಪ ಮಣ್ಣಿನ ಪದರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಗ್ರಾಫ್‌ನಲ್ಲಿ ನಿಧಾನದ ಲಯದ ಕಡೆ ಮಾತ್ರ ಗೆರೆಗಳು ಬೇರೆಯಾಗುತ್ತವೆ. ಬಂಡೆಯ ಮೇಲಿನ ತೆಳು ಹೂಳಿನಲ್ಲಿ ಹಿಗ್ಗುವಿಕೆ ಜಾಸ್ತಿಯಾಗುವುದು ಗೆರೆಗಳು ಒಂದಾಗಿರುವ ಜಾಗದಲ್ಲೇ. ಈ ಅಂತರವನ್ನು ತುಂಬಬೇಕಾದದ್ದು ಸ್ಥಳ ಪರೀಕ್ಷೆ. ಸಂಕೇತವೂ ಅದಕ್ಕೆ ಅವಕಾಶ ಕೊಟ್ಟಿದೆ.

## ಸರಾಸರಿಯಲ್ಲಿ ಮರೆಯಾಗುವ ಹೂಳು

ಮಣ್ಣು ಯಾವ ವರ್ಗ ಎಂದು ತೀರ್ಮಾನಿಸುವುದು ಎಸ್‌ಪಿಟಿ ಪರೀಕ್ಷೆಯಿಂದ. ಕೊರೆದ ರಂಧ್ರದ ತಳಕ್ಕೆ ಒಂದು ಕೊಳವೆ ಇಟ್ಟು, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಕೊಳವೆ ಒಟ್ಟು 45 ಸೆಂಟಿಮೀಟರ್ ಇಳಿಯಬೇಕು. ಮೊದಲ 15 ಬಿಟ್ಟು ಉಳಿದ 30 ಸೆಂಟಿಮೀಟರ್ ಇಳಿಯಲು ಬೇಕಾದ ಪೆಟ್ಟುಗಳ ಸಂಖ್ಯೆಯೇ ಎನ್ ಮೌಲ್ಯ. 10ಕ್ಕಿಂತ ಕಡಿಮೆಯಾದರೆ ಮೆದು, 30 ದಾಟಿದರೆ ಗಟ್ಟಿ ಎಂಬುದು ಸ್ಥೂಲ ಲೆಕ್ಕ. ಮೇಲ್ಮೈಯಿಂದ 30 ಮೀಟರ್ ಆಳದವರೆಗಿನ ಸರಾಸರಿ ತೆಗೆದುಕೊಳ್ಳಬೇಕು.

ಎಡವಟ್ಟು ಆಗುವುದು ಈ ಸರಾಸರಿಯಲ್ಲಿ. 6 ಮೀಟರ್ ಹೂಳು, ಎನ್ 5. ಅದರ ಕೆಳಗೆ 4 ಮೀಟರ್ ಗರಸು, ಎನ್ 30. ಉಳಿದ 20 ಮೀಟರ್ ಕಲ್ಲು, ಅದಕ್ಕೆ 100 ಎಂದು ಹಾಕೋಣ. ದಪ್ಪದಿಂದ ಗುಣಿಸಿ, ಕೂಡಿಸಿ, 30ರಿಂದ ಭಾಗಿಸಿದರೆ ಸುಮಾರು 72 ಬರುತ್ತದೆ, ಎಂದರೆ ಗಟ್ಟಿ ನೆಲ! ಸರಿಯಾದ ಕ್ರಮ ಬೇರೆ: ಒಂದೊಂದು ಪದರದ ದಪ್ಪವನ್ನು ಅದರ ಎನ್‌ನಿಂದ ಭಾಗಿಸಿ ಕೂಡಿಸಬೇಕು, ಆ ಮೊತ್ತದಿಂದ 30ನ್ನು ಭಾಗಿಸಬೇಕು. ಹಾಗೆ ಮಾಡಿದರೆ ಬರುವುದು ಸುಮಾರು 20, ಮಧ್ಯಮ ನೆಲ. ಇದು ವಾಸಿ, ಆದರೂ ಮೇಲಿರುವ ಆರು ಮೀಟರ್ ಹೂಳು ಕಾಗದದ ಮೇಲೆ ಕಾಣೆಯಾಯಿತು. ಆದ್ದರಿಂದ ವರದಿ ಕೈಗೆ ಬಂದಾಗ ಕೊನೆಯ ಸಾಲಿನ ವರ್ಗವನ್ನಷ್ಟೇ ನೋಡದೆ, ಆಳಕ್ಕೆ ತಕ್ಕಂತೆ ಎನ್ ಬರೆದಿರುವ ಪಟ್ಟಿಯನ್ನು ನೋಡಬೇಕು. 5, 6, 4, 5 ಎಂದು ಇದ್ದು ಒಮ್ಮೆಗೇ 40ಕ್ಕೆ ಹಾರಿದ್ದರೆ ಅದೇ ಆ ದಿಢೀರ್ ಗಡಿ.

ನಮ್ಮ ಸೀಮೆಯಲ್ಲಿ ಇನ್ನೊಂದು ಮೋಸವಿದೆ. ಗ್ರಾನೈಟ್ ಶಿಥಿಲವಾಗುವಾಗ ಬಿರುಕುಗಳ ಉದ್ದಕ್ಕೂ ಕೊಳೆತು, ನಡುವೆ ದುಂಡನೆಯ ಗುಂಡುಗಳು ಗಟ್ಟಿಯಾಗಿಯೇ ಉಳಿಯುತ್ತವೆ. ಮಧುಗಿರಿ, ಪಾವಗಡದ ಕಡೆ ಬೆಟ್ಟಗಳ ಮೇಲೆ ಒಂದರ ಮೇಲೊಂದು ಕೂತಿರುವ ಗುಂಡುಗಳು ಇವೇ, ಸುತ್ತಲಿನ ಮಣ್ಣು ತೊಳೆದುಹೋಗಿದೆ ಅಷ್ಟೇ. ನೆಲದೊಳಗೆ ಇನ್ನೂ ಮಣ್ಣಿನಲ್ಲಿ ಹೂತಿರುವ ಗುಂಡಿಗೆ ಕೊಳವೆ ತಾಗಿದರೆ ಎಷ್ಟು ಹೊಡೆದರೂ ಇಳಿಯುವುದಿಲ್ಲ. ತಳಬಂಡೆ ಸಿಕ್ಕಿತೆಂದು ಬರೆದು ಕೆಲಸ ನಿಲ್ಲಿಸುತ್ತಾರೆ. ಕಲ್ಲು ಕೊರೆಯುವ ಬಿಟ್ ಹಾಕಿ ಇನ್ನೂ ಮೂರು ಮೀಟರಾದರೂ ಇಳಿದು ನೋಡಬೇಕು. ಗುಂಡಾಗಿದ್ದರೆ ಒಂದೆರಡು ಮೀಟರ್ ಆದಮೇಲೆ ಮತ್ತೆ ಮಣ್ಣು ಬರುತ್ತದೆ.

ಪರೀಕ್ಷೆ ಮಾಡಿದ ತಿಂಗಳನ್ನೂ ಕೇಳಿ. ಬೇಸಿಗೆಯಲ್ಲಿ ಒಣಗಿದ ಜೇಡಿ ಇಟ್ಟಿಗೆಯಂತೆ ಗಟ್ಟಿ, ನೀರು ಕುಡಿದಾಗ ಅದೇ ಮಣ್ಣು ಮೆತ್ತಗೆ. ಕೋಲಾರದ ಕಡೆ ಕೆ.ಸಿ. ವ್ಯಾಲಿ ನೀರು ಬಂದು ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿವೆ. ಕೆರೆ ಒಣಗಿದ್ದಾಗಿನ ಹಳೆಯ ಮಣ್ಣು ವರದಿಯನ್ನು ಅಂಥ ಕೆರೆಯ ಪಕ್ಕದ ಸೈಟಿಗೆ ಈಗ ಹಾಗೇ ಬಳಸುವುದು ಸರಿಯಲ್ಲ.

## ಕಿರುವಲಯ ನಕ್ಷೆ

ದೇಶದ ನಕ್ಷೆಗೆ ಕಾಣದ್ದನ್ನು ಬೀದಿಯ ಮಟ್ಟದಲ್ಲಿ ತೋರಿಸಲು ಕಿರುವಲಯ ನಕ್ಷೆ ಮಾಡುತ್ತಾರೆ. ಮೊದಲು ತಳಬಂಡೆಯ ಮಟ್ಟದಲ್ಲಿ ಎಷ್ಟು ಅಲುಗಾಟ ಬರಬಹುದು ಎಂದು ಲೆಕ್ಕ ಹಾಕಿ, ಆಮೇಲೆ ಊರಿನ ತುಂಬ ಪದರಗಳ ದಪ್ಪ ಮತ್ತು ಅಲೆಯ ವೇಗ ಅಳೆದು, ಮೇಲ್ಮೈಯಲ್ಲಿ ಅದು ಎಷ್ಟಾಗುತ್ತದೆ ಎಂದು ತೋರಿಸುತ್ತಾರೆ. ವೇಗ ಅಳೆಯಲು ನೆಲದ ಮೇಲೆ ಸಾಲಾಗಿ ಜಿಯೋಫೋನ್ ಎಂಬ ಸಂವೇದಕಗಳನ್ನು ಚುಚ್ಚಿ, ಪಕ್ಕದಲ್ಲಿ ಲೋಹದ ತಟ್ಟೆಯ ಮೇಲೆ ಸುತ್ತಿಗೆಯಿಂದ ಹೊಡೆದರೆ ಆಯಿತು, ಕೊರೆಯಬೇಕಾಗಿಲ್ಲ.

ಬೆಂಗಳೂರಿಗೆ ಭಾರತೀಯ ವಿಜ್ಞಾನ ಸಂಸ್ಥೆಯವರು ಇಂಥ ಅಧ್ಯಯನ ಮಾಡಿದಾಗ ಮಣ್ಣಿನ ಪದರಗಳ ಸಹಜ ಲಯ ಸೆಕೆಂಡಿಗೆ 3ರಿಂದ 12 ತೂಗಾಟ ಎಂದು ಕಂಡಿತು. ಆವರ್ತಕಾಲಕ್ಕೆ ತಿರುಗಿಸಿದರೆ 0.08ರಿಂದ 0.33 ಸೆಕೆಂಡ್, ಎಂದರೆ ಒಂದರಿಂದ ಮೂರು ಅಂತಸ್ತಿನ ಕಟ್ಟಡಗಳ ಲಯ. ಬೆಂಗಳೂರಿನದೂ ನಮ್ಮದೇ ನೈಸ್ ಬಂಡೆ, ನಮ್ಮಂಥದೇ ಕೆರೆಗಳ ಸರಪಳಿ.

## ಕೆರೆಯಂಚಿನಲ್ಲಿ ಕಟ್ಟುವಾಗ

ಹೂಳು ಎರಡು ಮೀಟರ್ ಒಳಗಿದ್ದರೆ ಅದನ್ನು ಪೂರ್ತಿ ತೆಗೆದು ಗರಸಿನ ಮೇಲೆ ಪಾಯ ಕೂರಿಸುವುದೇ ನೆಟ್ಟನೆಯ ದಾರಿ. ಆಗ ಮನೆ ನಿಂತದ್ದು ಗಟ್ಟಿ ನೆಲದ ಮೇಲೆಯೇ. ಹೂಳನ್ನು ಹಾಗೇ ಬಿಟ್ಟು ಮೇಲೊಂದು ಮೀಟರ್ ಗರಸು ತುಂಬಿ ರೋಲರ್ ಓಡಿಸಿದರೆ ಮಳೆಗಾಲದ ಕೆಸರಿಗೆ ಪರಿಹಾರ ಸಿಗುತ್ತದೆ, ಭೂಕಂಪಕ್ಕಲ್ಲ. ಕೆಳಗಿನ ಮೆದು ಪದರ, ಅದರ ತಳದ ಗಡಿ ಎರಡೂ ಅಲ್ಲೇ ಇರುತ್ತವೆ.

ಆರು ಮೀಟರ್ ಹೂಳಿದ್ದರೆ ಕಂಬಪಾಯ, ಅಂದರೆ ಪೈಲ್, ಗರಸಿನವರೆಗೆ ಇಳಿಸುತ್ತಾರೆ. ಇದರಿಂದ ಮನೆ ಕುಸಿಯುವುದು ತಪ್ಪುತ್ತದೆ. ಆದರೆ ಸುತ್ತಲಿನ ಹೂಳು ತೂಗಾಡುವಾಗ ಪೈಲನ್ನೂ ಎಳೆದಾಡುತ್ತದೆ, ಹೂಳು ಮುಗಿದು ಗರಸು ಶುರುವಾಗುವ ಗಡಿಯಲ್ಲಿ ಪೈಲ್ ಹೆಚ್ಚು ಬಾಗುತ್ತದೆ. ಕಬ್ಬಿಣ ಉಳಿಸಲು ಪೈಲಿನ ಮೇಲಿನ ಅರ್ಧಕ್ಕೆ ಮಾತ್ರ ಸರಳು ಹಾಕಿ ಬಿಡುವುದು ಇಂಥ ಜಾಗದಲ್ಲಿ ದುಬಾರಿ ಉಳಿತಾಯ.

ಎಲ್ಲಕ್ಕಿಂತ ಕೆಟ್ಟದ್ದು ಅರ್ಧಂಬರ್ಧ ಪಾಯ. ಕೆರೆ ಏರಿಯ ಪಕ್ಕ, ಇಳಿಜಾರಿನ ಸೈಟುಗಳಲ್ಲಿ ಮನೆಯ ಒಂದು ಬದಿ ಬಂಡೆಯ ಮೇಲೆ, ಇನ್ನೊಂದು ಬದಿ ತುಂಬಿದ ಮಣ್ಣಿನ ಮೇಲೆ ಬರುತ್ತದೆ. ಎರಡು ಬದಿಗಳು ಎರಡು ಲಯದಲ್ಲಿ ಅಲುಗಿ ಗೋಡೆ ಅವುಗಳ ಸಂಧಿಯಲ್ಲಿ ಸೀಳುತ್ತದೆ. ಎರಡೂ ಬದಿಯನ್ನು ಒಂದೇ ಪದರಕ್ಕೆ ಇಳಿಸಬೇಕು, ಆಗದಿದ್ದರೆ ನಡುವೆ ಸಂದು ಬಿಟ್ಟು ಎರಡು ಬೇರೆ ಕಟ್ಟಡಗಳಂತೆ ಕಟ್ಟಬೇಕು.

ಕಂಬಗಳ ವಿಷಯದಲ್ಲಿ, ಭೂಕಂಪದಲ್ಲಿ ಮುರಿಯದೆ ಬಾಗುವಂತೆ ಸರಳು ಕಟ್ಟುವ ಕ್ರಮ ಐಎಸ್ 13920ರಲ್ಲಿದೆ. ಅದು ಕಡ್ಡಾಯ ಇರುವುದು ವಲಯ 3ರಿಂದ ಮೇಲಕ್ಕೆ. ವಲಯ 2ರಲ್ಲಿ ಕೇಳಿ ಮಾಡಿಸಿಕೊಳ್ಳಬೇಕು. ಬಾರ್ ಬೆಂಡರ್‌ಗೆ ಹೇಳಬೇಕಾದ ಮೊದಲ ಮಾತು ರಿಂಗ್‌ಗಳ ಕೊಕ್ಕೆ: 90 ಡಿಗ್ರಿಗೆ ಮಡಚಿ ಬಿಡದೆ 135 ಡಿಗ್ರಿಗೆ ಬಗ್ಗಿಸಿ ಕಂಬದ ಒಳಕ್ಕೆ ತಿರುಗಿಸಬೇಕು. 90ರ ಕೊಕ್ಕೆಯಾದರೆ ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ಬಿಚ್ಚಿಕೊಳ್ಳುತ್ತದೆ, ರಿಂಗ್ ಇದ್ದೂ ಇಲ್ಲದಂತಾಗುತ್ತದೆ. ಕಂಬ ತೊಲೆಗಳು ಕೂಡುವ ಜಾಗದ ಹತ್ತಿರ ರಿಂಗ್‌ಗಳ ನಡುವಿನ ಅಂತರವನ್ನೂ ಕಡಿಮೆ ಮಾಡಿಸಬೇಕು. ಕಾಂಕ್ರೀಟ್ ಹಾಕುವ ಮುಂಚೆ ಇವೆರಡನ್ನೂ ಕಣ್ಣಿನಿಂದಲೇ ನೋಡಿಕೊಳ್ಳಬಹುದು. ಹಾಕಿದ ಮೇಲೆ ನೋಡಲು ದಾರಿಯಿಲ್ಲ.